ಮೂಲ ಫೈಲಿನಲ್ಲಿ ಉಳಿದಿದ್ದ ಮಾತು

ಎರ್ನಾಕುಲಂ ಸ್ಟೇಷನ್ನಿನಲ್ಲಿ ಗೆಳತಿಯ ಕೈಗೆ ಪೆನ್‌ಡ್ರೈವ್ ಕೊಟ್ಟಾಗ ನನಗೆ ದೊಡ್ಡದೊಂದು ಕೆಲಸ ಮುಗಿಸಿದ ಸಮಾಧಾನವಿತ್ತು. ಅವಳು ನನ್ನ ಜೊತೆ ಓದಿದವಳು. ಕಾಸರಗೋಡಿನ ಗಡಿಯ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಗಣಿತದ ಟೀಚರ್. ವಿಜ್ಞಾನದ ಹುದ್ದೆ ಖಾಲಿ ಬಿದ್ದದ್ದರಿಂದ ಆ ಪಾಠವೂ ಅವಳ ತಲೆಗೇ ಬಂದಿತ್ತು. ಶಾಲೆಯಲ್ಲಿ ಯಾರೋ ದಾನ ಕೊಟ್ಟ ಟಿವಿ ಇತ್ತು, ನೆಟ್ ಮಾತ್ರ ಇರಲಿಲ್ಲ. ಮೊಬೈಲಿಗೆ ಸಿಗ್ನಲ್ ಬೇಕೆಂದರೆ ರಸ್ತೆಯ ತಿರುವಿನವರೆಗೆ ನಡೆದು ಹೋಗಬೇಕು. ಅಲ್ಲಿಯೂ ವಿಡಿಯೋ ಒಂದು ನಿಮಿಷ ಓಡಿ, ಆಮೇಲೆ ಸುತ್ತುತ್ತಾ ನಿಂತುಬಿಡುತ್ತಿತ್ತು.

ಕನ್ನಡದಲ್ಲಿ ರಸಾಯನಶಾಸ್ತ್ರದ ಪಾಠಗಳನ್ನು ಚೆನ್ನಾಗಿ ಮಾಡಿ ನೆಟ್‌ನಲ್ಲಿ ಹಾಕುತ್ತಿದ್ದವರು ತಿರುವನಂತಪುರದ ಕಾಲೇಜೊಂದರ ಉಪನ್ಯಾಸಕರು, ನಮ್ಮ ಕಡೆಯವರೇ. ಪ್ರತಿ ಮಾಡಿಕೊಳ್ಳಲು ಅನುಮತಿ ಕೇಳಿ ಫೋನ್ ಮಾಡಿದಾಗ ಅವರಿಗೆ ಖುಷಿಯಾಯಿತು. "ನೆಟ್‌ನಿಂದ ಯಾಕೆ ಇಳಿಸ್ತೀರಿ? ಇಲ್ಲಿಗೆ ಬನ್ನಿ, ಮೂಲ ಫೈಲೇ ಕೊಡ್ತೇನೆ. ಸ್ಪಷ್ಟವಾಗಿ ಉಂಟು," ಎಂದರು.

ಭಾನುವಾರ ಹೋಗಿ ಎಲ್ಲವನ್ನೂ ಹಾರ್ಡ್‌ಡಿಸ್ಕಿಗೆ ತುಂಬಿಕೊಂಡು ಬಂದೆ. ಫೈಲುಗಳು ಬಹಳ ದೊಡ್ಡವು, ಶಾಲೆಯ ಹಳೆಯ ಟಿವಿ ಅವನ್ನು ಓದುವುದು ಅನುಮಾನ. ಕೊಚ್ಚಿಯ ಪಾಲಾರಿವಟ್ಟಂನ ನನ್ನ ಕೋಣೆಯಲ್ಲಿ ಕುಳಿತು ಒಂದೊಂದನ್ನೂ ಟಿವಿ ಒಪ್ಪುವ ಬಗೆಗೆ ಬದಲಾಯಿಸಿ ಸಣ್ಣದು ಮಾಡಿದೆ. ಕನ್ನಡದಲ್ಲಿ ಹೆಸರಿಟ್ಟರೆ ಆ ಟಿವಿಯ ಪರದೆಯಲ್ಲಿ ಬರೀ ಚೌಕಗಳು ಬರುತ್ತವೆಂದು ಗೆಳತಿ ಹೇಳಿದ್ದಳು. ಅದಕ್ಕೆ ಇಂಗ್ಲಿಷ್ ಅಕ್ಷರ, ಸಂಖ್ಯೆಗಳನ್ನೇ ಇಟ್ಟೆ. ಪ್ರತಿಯೊಂದರ ಆರಂಭ, ಕೊನೆ ಸರಿಯಾಗಿ ಓಡುತ್ತದೆಯೇ ಎಂದು ನೋಡಿದೆ. ನಡುವೆ ಹೇಳಿದ್ದನ್ನೆಲ್ಲ ಕೇಳುವಷ್ಟು ಪುರುಸೊತ್ತು ಯಾರಿಗಿರುತ್ತದೆ?

ಅಕ್ಕನ ಮನೆಗೆಂದು ಬಂದಿದ್ದ ಗೆಳತಿ ರೈಲು ಹತ್ತುವಾಗ ಹೇಳಿದಳು, "ನಾಳೆಯೇ ಆಮ್ಲದ ಪಾಠ ಮಾರಾಯ್ತಿ. ಮೊದಲು ವಿಡಿಯೋ ತೋರಿಸ್ತೇನೆ, ಅದರಲ್ಲಿ ಹೇಳಿದ ಹಾಗೇ ನಾನು ಮಾಡಿ ತೋರಿಸ್ತೇನೆ. ಲ್ಯಾಬಿನ ಬಾಟಲಿ ತೆರೆದೇ ವರ್ಷವಾಯ್ತು."

ಅಂದು ಮಧ್ಯಾಹ್ನ ಆಫೀಸಿನಲ್ಲಿ ಊಟ ಮುಗಿಸಿ ಒಂದು ಸಣ್ಣ ಕೆಲಸಕ್ಕೆ ಕುಳಿತೆ. ನೆಟ್‌ನಲ್ಲಿ ಪ್ರತಿ ವಿಡಿಯೋದ ಕೆಳಗೆ ಉಪನ್ಯಾಸಕರು ಬರೆದಿದ್ದ ವಿವರಣೆ ಪೆನ್‌ಡ್ರೈವಿನಲ್ಲಿ ಬರುವುದಿಲ್ಲವಲ್ಲ, ಅದನ್ನು ಮುದ್ರಿಸಿ ಅಂಚೆಯಲ್ಲಿ ಕಳಿಸೋಣವೆಂದು. ಆಮ್ಲದ ಪಾಠದ ಕೆಳಗೆ ಒಂದು ಸಾಲು ಕಂಡಿತು: 'ಗಮನಿಸಿ, ಇಲ್ಲಿ ನನ್ನ ಮಾತು ತಪ್ಪಿತ್ತು. ಆ ಭಾಗವನ್ನು ತೆಗೆದಿದ್ದೇನೆ. ನೀರಿಗೇ ಆಮ್ಲವನ್ನು ನಿಧಾನವಾಗಿ ಸೇರಿಸಬೇಕು.'

ನನ್ನ ಲ್ಯಾಪ್‌ಟಾಪಿನಲ್ಲಿದ್ದ ಪ್ರತಿಯ ಉದ್ದ ನೋಡಿದೆ. ನೆಟ್‌ನಲ್ಲಿರುವುದಕ್ಕಿಂತ ಹೆಚ್ಚು ಇತ್ತು. ಇಯರ್‌ಫೋನ್ ಹಾಕಿಕೊಂಡು ಓಡಿಸಿದೆ. ಪರದೆಯ ಮೇಲೆ ಬರೀ ಬೀಕರಿನ ಚಿತ್ರ, ಅವರದೇ ಗಂಭೀರ ಧ್ವನಿ: "ಬೀಕರಿನಲ್ಲಿ ಗಂಧಕಾಮ್ಲ ತೆಗೆದುಕೊಳ್ಳಿ. ಈಗ ಅದಕ್ಕೆ ನೀರು ಸೇರಿಸಿ."

ಅಲ್ಲಿಗೇ ನಿಲ್ಲಿಸಿದೆ. ಗಾಢ ಗಂಧಕಾಮ್ಲಕ್ಕೆ ನೀರು ಹೊಯ್ದರೆ ಅದು ಒಮ್ಮೆಗೇ ಕುದಿದು ಮುಖಕ್ಕೆ ಸಿಡಿಯುತ್ತದೆ. ಅವಳ ಸುತ್ತ ಮಕ್ಕಳು ನಿಂತಿರುತ್ತಾರೆ.

ಗೆಳತಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಮೆಸೇಜು ಕಳಿಸಿದೆ, ತಲುಪಿದ ಗುರುತು ಬರಲಿಲ್ಲ. ಉಪನ್ಯಾಸಕರಿಗೆ ಮಾಡಿದೆ.

"ನೆಟ್‌ನಲ್ಲಿ ಹಾಕಿದ ಮೇಲೆ ಒಬ್ಬ ಹುಡುಗಿ ಹೇಳಿದ್ಳು. ಅಲ್ಲೇ ಕತ್ತರಿಸಿದೆ. ನನ್ನ ಹತ್ತಿರ ಇರುವ ಫೈಲು ಹಾಗೇ ಉಳೀತು," ಎಂದರು. "ನಾನು ಈಗಲೇ ಹೊರಡ್ತೇನೆ."

"ಇನ್ನು ರಾತ್ರಿಯ ರೈಲೇ ಸರ್. ಅದು ಹಿಡಿದು, ಮತ್ತೆ ಬಸ್ಸಿನಲ್ಲಿ ಹಳ್ಳಿ ಮುಟ್ಟುವಾಗ ಅವಳ ಪಾಠ ಮುಗಿದಿರ್ತದೆ."

ರೈಲು ಕಾಸರಗೋಡು ಮುಟ್ಟುವ ಹೊತ್ತಿಗೂ ಫೋನ್ ಆಫ್. ಬಹುಶಃ ಚಾರ್ಜ್ ಮುಗಿದಿತ್ತು. ಅಲ್ಲಿಂದ ಅವಳು ಬಸ್ಸು ಹತ್ತಿ ಗುಡ್ಡ ಸೇರಿದರೆ ಸಿಗ್ನಲ್ಲಿನ ಮಾತೇ ಇಲ್ಲ. ಹೆಡ್‌ಮಾಷ್ಟ್ರ ನಂಬರು ನನ್ನಲ್ಲಿರಲಿಲ್ಲ. ಆ ಹಳ್ಳಿಗೆ ದೂರದ ನಮ್ಮೂರಿನಲ್ಲಿ ದನದ ಹಿಂಡಿ ವ್ಯಾಪಾರ ಮಾಡುವ ನನ್ನ ಅಣ್ಣನಿಗೆ ಹೇಳಿದೆ. ಅವನು ಅಲ್ಲಿ ಇಲ್ಲಿ ವಿಚಾರಿಸಿ ಆ ಹಳ್ಳಿಯ ಹಾಲಿನ ಸೊಸೈಟಿಯ ಲ್ಯಾಂಡ್‌ಲೈನ್ ನಂಬರು ಹುಡುಕಿಕೊಟ್ಟ. "ಬೆಳಿಗ್ಗೆ ಹಾಲು ಅಳೆಯುವಾಗ ಮಾತ್ರ ಜನ ಇರ್ತಾರೆ ನೋಡು," ಎಂದ.

ಬೆಳಿಗ್ಗೆ ಎಷ್ಟು ಸಲ ಮಾಡಿದರೂ ಎಂಗೇಜ್. ಕೊನೆಗೆ ಸೊಸೈಟಿಯ ಸೆಕ್ರೆಟರಿ ಎತ್ತಿದರು. ಹಿಂದೆ ಕ್ಯಾನುಗಳ ಸದ್ದು. ನಾನು ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದೆ.

"ಆಯ್ತಮ್ಮ, ಶಾಲೆ ಹತ್ತಿರದವರ ಕೈಲಿ ಹೇಳಿ ಕಳಿಸ್ತೇನೆ," ಎಂದರು.

"ಏನು ಹೇಳ್ತೀರಿ, ಒಮ್ಮೆ ಹೇಳಿ ನೋಡುವಾ."

"ನೀರಿಗೆ ಆಸಿಡ್ ಹಾಕಬಾರದು ಅಂತ."

ಮಾತು ಪೂರ್ತಿ ತಿರುಗಿಬಿಟ್ಟಿತ್ತು. ಅವರ ತಪ್ಪೇನೂ ಇರಲಿಲ್ಲ, ನಾನು ಹೇಳಿದ ರೀತಿಯೇ ಹಾಗಿತ್ತು. ಈ ಮಾತು ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೋದರೆ ಏನಾಗಬಹುದೆಂದು ಗೊತ್ತಾಯಿತು.

"ಬೇಡ, ಅದು ಯಾವುದೂ ಬೇಡ. ಕೊಚ್ಚಿಯ ಪೆನ್‌ಡ್ರೈವ್ ಟಿವಿಗೆ ಹಾಕಬೇಡಿ, ಆಸಿಡ್ ಬಾಟಲಿ ಮುಟ್ಟಬೇಡಿ, ನನಗೆ ಫೋನ್ ಮಾಡಿ. ಇಷ್ಟೇ ಹೇಳಿ."

ಅವರು ಅಷ್ಟನ್ನೂ ತಿರುಗಿ ಸರಿಯಾಗಿ ಹೇಳಿದರು. ಫೋನ್ ಇಟ್ಟರು.

ಆಫೀಸಿಗೆ ಹೋದೆ. ಮೀಟಿಂಗಿನಲ್ಲಿ ಯಾರು ಏನು ಹೇಳಿದರೆಂದು ನೆನಪಿಲ್ಲ. ಉಪನ್ಯಾಸಕರು ಮತ್ತೆ ಮತ್ತೆ ಫೋನ್ ಮಾಡುತ್ತಿದ್ದರು. "ಏನಾದ್ರೂ ಗೊತ್ತಾಯ್ತಾ?" "ಇಲ್ಲ ಸರ್."

ಗೆಳತಿಯ ಕರೆ ಬಂದಾಗ ಎದ್ದು ಮೆಟ್ಟಿಲ ಬಳಿ ಓಡಿದೆ.

"ಎಂತದಿದು? ತಿರುವಿನವರೆಗೆ ಓಡಿ ಬಂದಿದ್ದೇನೆ," ಎಂದಳು, ಏದುಸಿರು ಬಿಡುತ್ತಾ.

"ನಿನಗೆ ಏನೂ ಆಗ್ಲಿಲ್ಲ ಅಲ್ವಾ? ಮಕ್ಕಳಿಗೆ?"

"ವಿಡಿಯೋ ನೋಡಿ ಆಗಿತ್ತು. ಬೀಕರ್ ಮೇಜಿನ ಮೇಲಿತ್ತು, ಬಾಟಲಿಯ ಮುಚ್ಚಳ ತೆಗೀತಾ ಇದ್ದೆ. ಆಗ ಸೊಸೈಟಿಯವರು ಬಾಗಿಲಲ್ಲಿ ನಿಂತು, ಟೀಚರೇ ಅದನ್ನು ಮುಟ್ಟಬೇಡಿ ಅಂತ ಕೂಗಿದ್ರು. ಬೇರೆಯವರ ಕೈಲಿ ಹೇಳಿ ಕಳಿಸಲಿಕ್ಕೆ ಧೈರ್ಯ ಬರಲಿಲ್ಲವಂತೆ. ಲೆಕ್ಕ ಮುಗಿಸಿ, ಬಾಗಿಲು ಹಾಕಿ ಸ್ಕೂಟರಿನಲ್ಲಿ ಬಂದಿದ್ದಾರೆ."

ನಾನು ವಿಷಯ ಹೇಳಿದೆ. ಅವಳಿಗೆ ಸಿಟ್ಟು ಬಂತು. "ನಾನು ಗಣಿತದವಳು ಮಾರಾಯ್ತಿ. ಎಂದೋ ಓದಿದ್ದು ಮರೆತು ಹೋಗಿದೆ. ಟಿವಿಯಲ್ಲಿ ಮೇಷ್ಟ್ರು ಹೇಳಿದ್ದನ್ನು ನಂಬದೆ ಇನ್ನೆಂತ ಮಾಡ್ಲಿ?"

ಮೆಟ್ಟಿಲ ಮೇಲೆ ಕುಳಿತು ಅತ್ತೆ.

ಶನಿವಾರ ಉಪನ್ಯಾಸಕರು ಕೊಚ್ಚಿಗೆ ಬಂದರು. ನೆಟ್‌ನಲ್ಲಿದ್ದ ಪ್ರತಿ ಪಾಠದ ಉದ್ದವನ್ನು ನಮ್ಮ ಪ್ರತಿಯ ಉದ್ದದೊಂದಿಗೆ ಹೋಲಿಸಿದೆವು. ವ್ಯತ್ಯಾಸವಿದ್ದ ಪಾಠಗಳು ಇನ್ನೂ ಎರಡು ಸಿಕ್ಕವು. ಒಂದರಲ್ಲಿ ಆರಂಭದ ಕೆಮ್ಮು, ಇನ್ನೊಂದರಲ್ಲಿ ತಪ್ಪಾಗಿ ಹೇಳಿದ ಪರಮಾಣು ಸಂಖ್ಯೆ. ಅಷ್ಟಕ್ಕೇ ಬಿಡದೆ ಎಲ್ಲ ಪಾಠಗಳನ್ನೂ ಮೊದಲಿನಿಂದ ಕೊನೆಯವರೆಗೆ ಕುಳಿತು ಕೇಳಿದೆವು. ಆಮ್ಲದ ಭಾಗ ಬಂದಾಗ ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಆ ತುಣುಕನ್ನು ಹೊಸದಾಗಿ ಚಿತ್ರಿಸಿ ಸೇರಿಸಿದರು. ಎಚ್ಚರಿಕೆಯ ಮಾತು ಇನ್ನು ಮುಂದೆ ವಿಡಿಯೋದ ಕೆಳಗಲ್ಲ, ಚಿತ್ರದೊಳಗೇ ದೊಡ್ಡಕ್ಷರದಲ್ಲಿ ಬರಬೇಕೆಂದು ಅವರೇ ತೀರ್ಮಾನಿಸಿದರು.

ಹೊಸ ಪೆನ್‌ಡ್ರೈವನ್ನು ಯಾರ ಕೈಯಲ್ಲೂ ಕೊಡದೆ ತಾವೇ ಹಳ್ಳಿಗೆ ಕೊಂಡೊಯ್ದರು. ಹಳೆಯದನ್ನು ಗೆಳತಿಯ ಎದುರಿಗೇ ಅಳಿಸಿದರಂತೆ. ಮಕ್ಕಳನ್ನು ದೂರ ನಿಲ್ಲಿಸಿ, ರಕ್ಷಣೆಯ ಕನ್ನಡಕ ಹಾಕಿಕೊಂಡು, ನೀರಿಗೆ ಆಮ್ಲವನ್ನು ಹನಿಹನಿಯಾಗಿ ಬಿಟ್ಟು ತೋರಿಸಿದರಂತೆ. "ನಾನು ಮೊದಲು ಇದನ್ನು ತಿರುಗುಮುರುಗು ಹೇಳಿದ್ದೆ," ಎಂದೂ ಹೇಳಿದರಂತೆ.

"ಮಕ್ಕಳು ನಗ್ಲಿಲ್ವಾ?" ಎಂದು ಗೆಳತಿಯನ್ನು ಕೇಳಿದೆ.

"ಇಲ್ಲ. ಒಬ್ಬಳು ಎದ್ದು ನಿಂತು, ಬೇರೆ ಪಾಠದಲ್ಲಿ ತಪ್ಪು ಕಂಡ್ರೆ ನಿಮಗೆ ಹೇಗೆ ಹೇಳೋದು ಸರ್, ಇಲ್ಲಿ ನೆಟ್ ಇಲ್ವಲ್ಲ ಅಂತ ಕೇಳಿದ್ಳು."

"ಅವರೇನಂದ್ರು?"

"ಬೋರ್ಡಿನ ಮೇಲೆ ತಮ್ಮ ಮನೆಯ ವಿಳಾಸ ಬರೆದ್ರು."