ಬಿಟ್ಟಿ ಸೌದೆಗೆ ಹಾಕಿದ ಗೆರೆ

ಬೆಲೆ ಸೂಚ್ಯಂಕದ ಪಾಠವನ್ನು ನಾನು ಈಗಲೂ ಪ್ರತಿ ವರ್ಷ ಮಾಡುತ್ತೇನೆ. ಒಂದು ಮನೆ ತಿಂಗಳಿಗೆ ಏನೇನು ಕೊಳ್ಳುತ್ತದೆ ಎಂದು ಪಟ್ಟಿ ಮಾಡಿ, ಒಂದು ಆಧಾರ ವರ್ಷ ಆರಿಸಿಕೊಳ್ಳಿ, ಆ ವರ್ಷವನ್ನು ನೂರು ಎಂದು ಇಟ್ಟುಕೊಳ್ಳಿ ಎನ್ನುತ್ತೇನೆ. ಮಕ್ಕಳು ಬರೆದುಕೊಳ್ಳುತ್ತಾರೆ. ಆಧಾರ ವರ್ಷದಲ್ಲಿ ಬೆಲೆಯೇ ಇಲ್ಲದ ವಸ್ತುವನ್ನು ಏನು ಮಾಡಬೇಕು ಎಂಬ ಜಾಗಕ್ಕೆ ಬಂದಾಗ ಸೀಮೆಸುಣ್ಣ ಕೆಳಗಿಟ್ಟು ಒಂದು ಲೋಟ ನೀರು ಕುಡಿಯುತ್ತೇನೆ. ಮೇಡಂಗೆ ಗಂಟಲು ಕೆಟ್ಟಿದೆ ಎಂದುಕೊಳ್ಳುತ್ತಾರೆ.

ಎರಡು ಸಾವಿರದ ಆರನೇ ಇಸವಿ. ಎಂ.ಎ. ಮುಗಿಸಿ ಕೊಪ್ಪದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ನರಸಿಂಹರಾಜಪುರದ ಕಡೆಯ ಒಂದು ಕಾಫಿ ತೋಟದ ಆಳುಗಳ ಕೂಲಿ ಮಾತುಕತೆ ಆಗ ನಡೆಯುತ್ತಿತ್ತು. ಐದು ವರ್ಷದ ಹಿಂದೆ ದಿನಕ್ಕೆ ಅರವತ್ತು ರೂಪಾಯಿ ಎಂದು ಆಗಿದ್ದ ಒಪ್ಪಂದವೇ ಮುಂದುವರಿದಿತ್ತು. ತೋಟದ ಸಾಹುಕಾರರು ಕೆಟ್ಟ ಮನುಷ್ಯರಲ್ಲ. "ಬಾಯಿಗೆ ಬಂದಷ್ಟು ಕೇಳಿದ್ರೆ ಆಗದಿಲ್ಲ. ನಿಮ್ಮ ಮನೆಖರ್ಚು ಎಷ್ಟು ಏರಿದೆ ಅಂತ ಸರಿಯಾಗಿ ಲೆಕ್ಕ ತನ್ನಿ. ಅಷ್ಟೇ ಏರಿಸ್ತೀನಿ, ಪೈಸೆ ಕಮ್ಮಿ ಮಾಡದಿಲ್ಲ" ಎಂದಿದ್ದರು. ಆ ಲೆಕ್ಕ ಮಾಡಿಕೊಡಲು ಆಳುಗಳು ಹುಡುಕಿಕೊಂಡು ಬಂದದ್ದು ನನ್ನನ್ನು.

ನನಗೆ ಹುರುಪು. ಪುಸ್ತಕದಲ್ಲಿದ್ದದ್ದು ಮೊದಲ ಸಲ ಯಾರದೋ ಊಟಕ್ಕೆ ಬೇಕಾಗಿತ್ತು. ಹಿಂದಿನ ಒಪ್ಪಂದವಾದ ವರ್ಷವನ್ನೇ ಆಧಾರ ವರ್ಷ ಮಾಡಿಕೊಂಡೆ, ಏಕೆಂದರೆ ಅರವತ್ತು ರೂಪಾಯಿಗೆ ಏನು ಸಿಗುತ್ತಿತ್ತು ಎಂಬುದೇ ಪ್ರಶ್ನೆ. ಕೊಪ್ಪದ ಪೇಟೆಯಲ್ಲಿ ಒಬ್ಬ ದಿನಸಿ ಅಂಗಡಿಯವರು ಹಳೆಯ ಲೆಕ್ಕದ ಪುಸ್ತಕಗಳನ್ನು ಅಟ್ಟದ ಮೇಲೆ ಕಟ್ಟಿಟ್ಟಿದ್ದರು. ಐದು ವರ್ಷದ ಹಿಂದಿನ ಬೆಲೆಗಳು ಅಲ್ಲಿ ಸಿಕ್ಕವು. ಅಂದು ದಪ್ಪಕ್ಕಿಯ ಬೆಲೆ ಬರೆದುಕೊಂಡಿದ್ದರೆ ಇಂದೂ ದಪ್ಪಕ್ಕಿಯದ್ದೇ ಬೇಕು, ಅದೇ ಅಂಗಡಿಯದ್ದೇ ಬೇಕು ಎಂದು ಹಠ ಹಿಡಿದೆ. ಅಂಗಡಿಯವರು ನಗುತ್ತಾ, "ಅಕ್ಕಿ ತಗಣದು ಬಿಟ್ಟು ಅಕ್ಕಿ ಜಾತಕ ತಗಂಡು ಹೋಗ್ತೀರಲ್ಲ ಮಾರಾಯ್ರೆ" ಎಂದರು.

ಒಂದು ಭಾನುವಾರ ತೋಟದ ಆಳುಗಳು ಸಾಲಾಗಿ ವಾಸವಿದ್ದ ಲೈನ್ ಮನೆಗಳ ಮುಂದೆ ಹೆಂಗಸರನ್ನೆಲ್ಲ ಕೂರಿಸಿಕೊಂಡು ಪಟ್ಟಿ ಬರೆದೆ. ಹಿಂದಿನ ಒಪ್ಪಂದದ ವರ್ಷದಲ್ಲಿ ಯಾವುದಕ್ಕೆ ಎಷ್ಟು ಖರ್ಚಾಗುತ್ತಿತ್ತು ಎಂದು ಕೇಳಿದೆ. ಒಟ್ಟು ತಿಂಗಳಿಗೆ ಎಂಟುನೂರೈವತ್ತರ ಆಸುಪಾಸು. ಅದರಲ್ಲಿ ನೂರಕ್ಕೆ ನಲವತ್ತೈದು ಅಕ್ಕಿಗೆ, ಹತ್ತು ಒಣಮೀನಿಗೆ, ಹದಿನೈದು ಎಣ್ಣೆಗೆ, ಹದಿನೈದು ಸಕ್ಕರೆ ಚಹಾಪುಡಿಗೆ, ಉಳಿದ ಹದಿನೈದು ಎಲೆಅಡಿಕೆ ಸೋಪಿಗೆ. ಈ ಪಾಲುಗಳೇ ತೂಕ. ಅಕ್ಕಿ ಒಂದು ರೂಪಾಯಿ ಏರುವುದೂ ಸೋಪು ಒಂದು ರೂಪಾಯಿ ಏರುವುದೂ ಮನೆಗೆ ಒಂದೇ ಅಲ್ಲ, ಅದಕ್ಕೇ ತೂಕ ಬೇಕು ಎಂದು ವಿವರಿಸಿದೆ. "ಇದನ್ನ ನೀವು ಓದಿ ಕಲಿತ್ರ?" ಎಂದು ಒಬ್ಬಳು ಕೇಳಿದಳು. ಎಲ್ಲರೂ ನಕ್ಕರು.

"ಸೌದೆಗೆ ಎಷ್ಟಾಗ್ತದೆ?" ಎಂದೆ.

"ಸೌದೆ ಬಿಟ್ಟಿ" ಎಂದು ಎಲ್ಲರೂ ಒಟ್ಟಿಗೆ ಹೇಳಿದರು. ಸೌದೆಯ ಸಾಲಿನಲ್ಲಿ ಒಂದು ಸೊನ್ನೆ ಬರೆದೆ.

ಆಗ ಕೊನೆಯ ಮನೆಯ ಜಗಲಿಯಿಂದ ಒಬ್ಬಾಕೆ ಮಾತಾಡಿದಳು. ನನಗಿಂತ ಹತ್ತು ವರ್ಷ ದೊಡ್ಡವಳಿರಬೇಕು. ನಾನು ಅಕ್ಕ ಎನ್ನುತ್ತಿದ್ದೆ.

"ಬಿಟ್ಟಿ ಅಂತ ಯಾವಳೇ ಅಂದಿದ್ದು? ವಾರಕ್ಕೊಂದು ರಜೆ, ಅದೂ ಸೌದೆಗೇ ಹೋಗ್ತದೆ. ಬಿಟ್ಟಿ ಚಾಕರಿ ಅನ್ನು, ಒಪ್ತೀನಿ."

"ನಿಂಗೆ ನೀರು ಕಂಡ್ರೆ ಹೆದರಿಕೆ, ಅದಕ್ಕೇ ಹಂಗಂತೀಯ" ಎಂದು ಅವಳ ನಾದಿನಿ ಛೇಡಿಸಿದಳು.

"ಹೂಂ ಕಣೆ, ಹೆದರಿಕೆನೇ. ಈಜು ಬರದೋರಿಗೆ ಹೆದರಿಕೆ ಆಗದೆ ಏನಾಗ್ತದೆ?"

ವಿಷಯ ಹೀಗಿತ್ತು. ಹಿಂದಿನ ಒಪ್ಪಂದದ ಕಾಲದಲ್ಲಿ ತೋಟದ ನೆರಳುಮರಗಳ ಕೊಂಬೆ ಕಡಿದಾಗ ಅದು ಲೈನಿನವರಿಗೆ ಸೇರುತ್ತಿತ್ತು. ಆಮೇಲೆ ಸಾಹುಕಾರರು ಆ ಕೊಂಬೆಗಳನ್ನು ಗುತ್ತಿಗೆದಾರನಿಗೆ ಲಾರಿ ಲೆಕ್ಕದಲ್ಲಿ ಕೊಡತೊಡಗಿದರು. ಹೆಂಗಸರು ಭದ್ರಾ ಹಿನ್ನೀರಿನ ಆಚೆ ದಡಕ್ಕೆ ದೋಣಿಯಲ್ಲಿ ಹೋಗಿ ಒಣಸೌದೆ ತರಬೇಕಾಯಿತು. ದುಡ್ಡು ಕೊಡುತ್ತಿರಲಿಲ್ಲವಾದ್ದರಿಂದ ಅವರ ಬಾಯಲ್ಲಿ ಅದು ಬಿಟ್ಟಿಯಾಗಿಯೇ ಉಳಿದಿತ್ತು.

"ಮೇಡಮ್ಮ, ಸೌದೇನೂ ಸೇರಿಸಿ. ಕೂಲಿ ಅಷ್ಟು ಏರಿದ್ರೆ ನಾನು ಪೇಟೆಯಿಂದ ಹೊರೆ ಕೊಂಡ್ಕಳ್ತೀನಿ. ಆ ನೀರು ದಾಟದು ಬಿಡ್ತೀನಿ" ಎಂದಳು ಅಕ್ಕ.

ನಾನು ಪಾಠ ಹೇಳಿದೆ. ಈಗಿನ ಬೆಲೆಯನ್ನು ಆಧಾರ ವರ್ಷದ ಬೆಲೆಯಿಂದ ಭಾಗಿಸಿ ನೂರರಿಂದ ಗುಣಿಸಬೇಕು, ಆಧಾರ ವರ್ಷದ ಬೆಲೆಯೇ ಸೊನ್ನೆಯಾದರೆ ಭಾಗಿಸಲು ಬರುವುದಿಲ್ಲ, ಆ ವರ್ಷ ನೀವು ಅದಕ್ಕೆ ಖರ್ಚೇ ಮಾಡದ ಕಾರಣ ಅದರ ತೂಕವೂ ಸೊನ್ನೆ ಎಂದೆ. ಅವಳು ನನ್ನ ಹಾಳೆಯತ್ತ ಕೈ ಮಾಡಿ, "ಹಂಗಾದ್ರೆ ಮುಂದಿನ ಭಾನುವಾರ ನನ್ನ ಜೊತೆ ಬನ್ನಿ. ಸೊನ್ನೆ ಎಷ್ಟು ಭಾರ ಇರ್ತದೆ ಅಂತ ಹೊತ್ತು ನೋಡೀರಂತೆ" ಎಂದಳು. ಆಗಲೂ ಎಲ್ಲರೂ ನಕ್ಕರು. ನಾನೂ ನಕ್ಕೆ. ಸೌದೆಯ ಸಾಲಿನ ಮೇಲೆ ಒಂದು ಗೆರೆ ಎಳೆದೆ.

ದಾರಿ ಇರಲಿಲ್ಲವೆಂದಲ್ಲ. ದುಡ್ಡು ಕೊಡದೆ ಬಳಸಿದ ವಸ್ತುವಿಗೆ ಆ ವರ್ಷದ ಪೇಟೆಯ ಬೆಲೆ ಕಟ್ಟಿ, ಪಟ್ಟಿಗೆ ಸೇರಿಸಿ, ತೂಕಗಳನ್ನೆಲ್ಲ ಹೊಸದಾಗಿ ಹಂಚಬಹುದು. ನನಗದು ಗೊತ್ತಿತ್ತು. ಆದರೆ ಆಳುಗಳು ಕೊಡದ ದುಡ್ಡನ್ನು ಖರ್ಚೆಂದು ಯಾಕೆ ತೋರಿಸಿದ್ದೀರಿ ಎಂದು ಸಾಹುಕಾರರು ಕೇಳಿಯಾರು, ಚೊಕ್ಕ ಲೆಕ್ಕ ಕೆಟ್ಟೀತು ಎಂಬ ಹಿಂಜರಿಕೆ.

ಅಕ್ಕಿ ಹತ್ತರಿಂದ ಹದಿಮೂರಕ್ಕೆ ಏರಿತ್ತು, ಅಂದರೆ ನೂರಮೂವತ್ತು. ಒಣಮೀನು ನೂರೈವತ್ತು. ಎಣ್ಣೆ ನೂರಿಪ್ಪತ್ತು, ಸಕ್ಕರೆ ಚಹಾ ನೂರಿಪ್ಪತ್ತು, ಎಲೆಅಡಿಕೆ ಸೋಪು ನೂರನಲವತ್ತು. ಪ್ರತಿಯೊಂದನ್ನೂ ಅದರ ತೂಕದಿಂದ ಗುಣಿಸಿ ಕೂಡಿದರೆ ಹದಿಮೂರು ಸಾವಿರದ ಐವತ್ತು. ಅದನ್ನು ತೂಕಗಳ ಮೊತ್ತವಾದ ನೂರರಿಂದ ಭಾಗಿಸಿದರೆ ನೂರಮೂವತ್ತೂವರೆ. ಅರವತ್ತು ರೂಪಾಯಿ ಕೂಲಿ ಎಪ್ಪತ್ತೆಂಟು ರೂಪಾಯಿ ಮೂವತ್ತು ಪೈಸೆ ಆಗಬೇಕು. ಗುರುವಾರ ಹಾಳೆಗೆ ಸಹಿ ಹಾಕಿ ಸಾಹುಕಾರರಿಗೆ ತಲುಪಿಸಿದೆ.

ಭಾನುವಾರ ಹೋದೆ. ಕರೆದದ್ದು ತಮಾಷೆಗಾದರೂ ಹೋಗದಿರಲು ಮನಸ್ಸು ಒಪ್ಪಲಿಲ್ಲ.

ಫೆಬ್ರವರಿ ತಿಂಗಳು. ಹಿನ್ನೀರು ಇಳಿಯತೊಡಗಿತ್ತು. ಅಣೆಕಟ್ಟು ಕಟ್ಟಿದಾಗ ಮುಳುಗಿದ ಕಾಡಿನ ಬೊಡ್ಡೆಗಳು ಕೆಲವು ಮೇಲೆ ಕಾಣುತ್ತಿದ್ದವು, ಕೆಲವು ನೀರಿನ ಒಂದು ಗೇಣು ಕೆಳಗೆ ಇದ್ದವು. ಹೋಗುವಾಗ ನೀರು ತಟ್ಟೆಯ ಹಾಗಿತ್ತು. ಆಚೆ ದಡದಲ್ಲಿ ಅಕ್ಕ ಒಂದು ಹೊರೆ ಕಟ್ಟಿ ನನ್ನ ತಲೆ ಮೇಲಿಟ್ಟಳು. ಹತ್ತು ಹೆಜ್ಜೆ ಹಾಕಿ ಇಳಿಸಿದೆ. "ಬರ್ಕಳಿ ಮೇಡಮ್ಮ, ಸೊನ್ನೆ!" ಎಂದು ನಕ್ಕಳು. ಆ ನಗುವಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಇಂದು ಸುಲಭವಾಗುತ್ತಿತ್ತು.

ಹಿಂದಿರುಗಿ ಬರುವಾಗ ದೋಣಿಯಲ್ಲಿ ಮುದುಕ ಅಂಬಿಗ, ಅಕ್ಕ, ಅವಳ ನಾದಿನಿ, ನಾನು ಮತ್ತು ಆರು ಹೊರೆ. ಮಧ್ಯಾಹ್ನದ ಗಾಳಿ ಎದ್ದಿತ್ತು. ನಡುನೀರಿನಲ್ಲಿ ದೋಣಿಯ ತಳಕ್ಕೆ ಏನೋ ತಾಗಿತು. ದೊಡ್ಡ ಸದ್ದೇನೂ ಆಗಲಿಲ್ಲ, ಬಾಗಿಲು ತಟ್ಟಿದಂತೆ ಒಂದು ಸಲ, ಅಷ್ಟೇ. ದೋಣಿ ವಾಲಿತು. ಹೊರೆಗಳೆಲ್ಲ ಒಂದೇ ಪಕ್ಕಕ್ಕೆ ಜಾರಿದವು. ಆಮೇಲೆ ನೀರು.

ಇಲ್ಲಿಂದ ಮುಂದಿನದನ್ನು ನಾನು ಸಾವಿರ ಸಲ ನೋಡಿದ್ದೇನೆ. ನೀರಿನ ಮೇಲೆ ನನ್ನ ತಲೆ ಬಂದಾಗ ಅಕ್ಕ ಎರಡು ಮಾರು ದೂರದಲ್ಲಿದ್ದಳು. ನಮ್ಮಿಬ್ಬರ ನಡುವೆ ಒಂದು ಒಣ ಹೊರೆ ತೇಲುತ್ತಿತ್ತು. ಅವಳ ಕೈ ಅದರ ಮೇಲಿತ್ತು. "ಹಿಡ್ಕಳಿ" ಎಂದಳು. ಹೊರೆ ನನ್ನತ್ತ ಬಂತು, ನಾನು ಅಪ್ಪಿಕೊಂಡೆ. ಅವಳು ನೂಕಿದಳೋ, ಗಾಳಿ ನೂಕಿತೋ, ಅವಳ ಕೈ ಜಾರಿತೋ ಗೊತ್ತಿಲ್ಲ. "ಹಿಡ್ಕಳಿ" ಎಂದದ್ದು ಹೊರೆಯನ್ನೋ, ತನ್ನ ಕೈಯನ್ನೋ, ಅದೂ ಗೊತ್ತಿಲ್ಲ. ಕಣ್ಣಿನ ನೀರು ಒರೆಸಿಕೊಂಡು ನೋಡುವಷ್ಟರಲ್ಲಿ ಅವಳಿದ್ದ ಜಾಗದಲ್ಲಿ ಬರೀ ತೊಗಟೆ ಚೂರುಗಳು ತಿರುಗುತ್ತಿದ್ದವು. ಅಂಬಿಗ ನಾದಿನಿಯನ್ನು ಜಡೆ ಹಿಡಿದು ಮಗುಚಿದ ದೋಣಿಗೆ ಎಳೆದುಕೊಂಡಿದ್ದ. ನನ್ನನ್ನು ಆಮೇಲೆ ಬಂದ ಮೀನಿನವರು ಹೊರೆಯ ಸಮೇತ ಎತ್ತಿದರು. ನಾನು ಅದನ್ನು ಬಿಡುತ್ತಿರಲಿಲ್ಲವಂತೆ. ಅಕ್ಕ ಮರುದಿನ ಸಿಕ್ಕಳು.

ಒಂದು ವಾರ ಜ್ವರ. ಎದ್ದವಳೇ ಕೊಪ್ಪದಲ್ಲಿ ಸೌದೆ ಒಲೆ ಇಟ್ಟುಕೊಂಡಿದ್ದ ಒಂದು ಹೋಟೆಲಿಗೆ ಹೋಗಿ ಹಳೆಯ ಚೀಟಿಗಳನ್ನು ತೆಗೆಸಿದೆ. ಹಿಂದಿನ ಒಪ್ಪಂದದ ವರ್ಷ ತಲೆಹೊರೆಗೆ ಹದಿನೈದು ರೂಪಾಯಿ, ಈಗ ನಲವತ್ತೈದು. ಮನೆಗೆ ತಿಂಗಳಿಗೆ ಹತ್ತು ಹೊರೆ ಬೇಕು. ಆ ವರ್ಷದ ಖರ್ಚಿಗೆ ನೂರೈವತ್ತು ಸೇರಿಸಿದರೆ ಎಂಟುನೂರೈವತ್ತು ಇದ್ದದ್ದು ಸಾವಿರವಾಗುತ್ತದೆ. ಸೌದೆಯ ತೂಕ ನೂರಕ್ಕೆ ಹದಿನೈದು, ಉಳಿದದ್ದಕ್ಕೆಲ್ಲ ಎಂಬತ್ತೈದು. ಸೌದೆ ಒಂದಕ್ಕೆ ಮೂರು ಪಟ್ಟು, ಅಂದರೆ ಮುನ್ನೂರು. ಹೊಸ ಸೂಚ್ಯಂಕ ಹತ್ತಿರ ಹತ್ತಿರ ನೂರೈವತ್ತಾರು. ಕೂಲಿ ತೊಂಬತ್ತಮೂರೂವರೆ. ಅರ್ಧ ಗಂಟೆಯ ಕೆಲಸ.

ಸಾಹುಕಾರರು ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಕೆಳಗಿನ ಸಹಿಗಳ ಮೇಲೆ ಬೆರಳಿಟ್ಟರು.

"ಎರಡರ ಕೆಳಗೂ ನಿಮ್ಮದೇ ಸಹಿ ಉಂಟಲ್ಲ ಮೇಡಂ. ಯಾವುದನ್ನ ನಂಬಲಿ?"

"ಎರಡನೇದು ಸರಿ ಸರ್. ಮೊದಲು ನೀವು ಕೊಡ್ತಿದ್ದ ಸೌದೆಯೂ ಕೂಲಿಯ ಒಂದು ಭಾಗವೇ ಆಗಿತ್ತು. ಅದು ನಿಂತದ್ದನ್ನ ನಾನು ಬರೀಲಿಲ್ಲ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆ ಹೆಂಗಸು ನಮ್ಮ ತೋಟದಲ್ಲೇ ಹುಟ್ಟಿದ್ದು. ನಂಗೂ ನಿದ್ದೆ ಇಲ್ಲ. ಆದ್ರೆ ಈ ತೊಂಬತ್ತಮೂರೂವರೆ ಕೊಡಕ್ಕೆ ನನ್ನ ಕೈಲಾಗದಿಲ್ಲ. ಒಂದು ಮಾಡ್ತೀನಿ, ಕೊಂಬೆ ಮಾರದು ನಿಲ್ಲಿಸ್ತೀನಿ. ಮುಂಚಿನ ಹಾಗೆ ಲೈನಿಗೇ ಹಾಕಿಸ್ತೀನಿ."

ಆಳುಗಳು ಒಪ್ಪಿದರು. ಒಪ್ಪದೆ ಏನು ಮಾಡಿಯಾರು? ಕೂಲಿ ಎಪ್ಪತ್ತೆಂಟು ರೂಪಾಯಿ ಮೂವತ್ತು ಪೈಸೆಗೆ ನಿಂತಿತು. ಸಹಿಯಾದ ಮರುದಿನವೇ ಒಂದು ಟ್ರ್ಯಾಕ್ಟರ್ ಕೊಂಬೆ ಲೈನ್ ಮನೆಗಳ ಮುಂದೆ ಬಂದು ಬಿತ್ತು. ನಾನು ಅಲ್ಲಿದ್ದೆ. ನಾದಿನಿ ಒಂದು ಕೊಂಬೆ ಎಳೆದು, ನೋಡಿ, ಅಲ್ಲೇ ಬಿಟ್ಟು ಒಳಗೆ ಹೋದಳು.

ಆ ರಾಶಿಯ ಎದುರು ನಿಂತಾಗಲೇ ನನಗದು ಹೊಳೆದದ್ದು. ಆಧಾರ ವರ್ಷದಲ್ಲಿ ಸೌದೆ ತೋಟದಿಂದ ಸಿಗುತ್ತಿತ್ತು. ಈಗ ಮತ್ತೆ ಸಿಗುತ್ತಿದೆ. ಅಂದೂ ಅದಕ್ಕೆ ಖರ್ಚಿಲ್ಲ, ಇಂದೂ ಇಲ್ಲ. ಹಾಗಾದರೆ ಅದನ್ನು ಬಿಟ್ಟು ಮಾಡಿದ ಲೆಕ್ಕವೇ ಸರಿ. ನೂರಮೂವತ್ತೂವರೆಯೇ ಸರಿಯಾದ ಉತ್ತರ. ನಾನು ಗುರುವಾರ ಕೊಟ್ಟ ತಪ್ಪು ಹಾಳೆ, ಅವಳು ಹೋದ ಮೇಲೆ, ಒಂದು ಅಂಕಿಯನ್ನೂ ತಿದ್ದದೆ ಸರಿಯಾಗಿಬಿಟ್ಟಿತ್ತು.