ಗುಡುಗು ಬಂದಿತ್ತಾ ಅಂತ ಕೇಳಿದೆ

ನನ್ನ ಬಲಗೈ ಹೆಗಲಿಗಿಂತ ಮೇಲೆ ಏಳುದಿಲ್ಲ. ಆಲಂಕಾರಿನ ಹತ್ತಿರ ಕಂಬಕ್ಕೆ ಏಣಿ ಇಟ್ಟು ಇಂಟರ್ನೆಟ್ಟಿನ ಕೇಬಲ್ ಕಟ್ಟುವಾಗ ಜಾರಿ ಬಿದ್ದೆ, ಆವತ್ತಿನಿಂದ ಹಾಗೆ. ಕೈ ಏಳದವನಿಗೆ ಲೈನ್ ಕೆಲಸ ಯಾರು ಕೊಡ್ತಾರೆ? ಪುತ್ತೂರಿನ ಒಂದು ಇಂಟರ್ನೆಟ್ ಕಂಪೆನಿಯಲ್ಲಿ ಟೆಕ್ನಿಕಲ್ ಸಪೋರ್ಟಿಗೆ ಜನ ಬೇಕು ಅಂತ ಗೊತ್ತಾದ ಕೂಡಲೇ ಅರ್ಜಿ ಹಾಕಿದೆ. ಕುರ್ಚಿಯಲ್ಲಿ ಕೂತು ಫೋನಿನಲ್ಲಿ ಗಿರಾಕಿಯ ತೊಂದರೆ ಕೇಳುದು, ಫೋನಿನಲ್ಲೇ ಸರಿ ಮಾಡಿಸುದು.

ಇದು ಸಿಕ್ಕಿದರೆ ಊರು, ಸಿಗದಿದ್ದರೆ ಪುನಃ ಗಲ್ಫ್. ಅಲ್ಲಿ ನನ್ನ ಹಳೆ ಸೂಪರ್‌ವೈಸರ್ ಕ್ಯಾಮೆರಾ ರೂಮಿನಲ್ಲಿ ಕೂತು ಮಾಡುವ ಒಂದು ಕೆಲಸ ಹಿಡಿದಿಟ್ಟಿದ್ದ. ಏಜೆಂಟ್ ದಿನಾ ಫೋನ್ ಮಾಡಿ ಮಂಡೆ ತಿನ್ನುತ್ತಿದ್ದ. ಮದುವೆಯಾದ ಮೇಲಿನ ಹೆಚ್ಚಿನ ವರ್ಷಗಳನ್ನು ನಾನು ಅಲ್ಲಿ ಕಳೆದದ್ದು. ಇನ್ನು ಹೋಗುದಿಲ್ಲ ಅಂತ ಹೆಂಡತಿಗೆ ಮಾತು ಕೊಟ್ಟಾಗಿತ್ತು. ಮಾತು ಕೊಡ್ಲಿಕ್ಕೆ ಎಂತ, ಬಾಯಿ ಉಂಟಲ್ಲ.

ಬಸ್‌ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಅಂಗಡಿಯ ಮಾಳಿಗೆಯಲ್ಲಿ ಆಫೀಸು. ಬಿಸ್ಮಿ ಹೇಳಿ ಮೆಟ್ಟಿಲು ಹತ್ತಿದೆ. ಇಂಟರ್‌ವ್ಯೂ ಮಾಡಿದ್ದು ಒಬ್ಬರು ಮೇಡಂ, ಸುಳ್ಯದ ಕಡೆಯವರು, ನನಗಿಂತ ತುಂಬ ಸಣ್ಣ ಪ್ರಾಯ. ಅದೇ ಫೋನಿನ ಕುರ್ಚಿಯಲ್ಲಿ ಕೂತು ಕೂತು ಮೇಲೆ ಬಂದವರಂತೆ. ನೇರ ವಿಷಯಕ್ಕೆ ಬಂದರು.

"ಒಬ್ಬ ಗಿರಾಕಿ ಫೋನ್ ಮಾಡಿದ್ದಾರೆ ಅಂತ ಇಟ್ಟುಕೊಳ್ಳಿ. ಆ ಗಿರಾಕಿ ನಾನೇ. ಸಿಟ್ಟಿನಲ್ಲಿದ್ದೇನೆ. ನೀವು ಎಂತ ಕೇಳ್ತೀರಿ, ಯಾಕೆ ಕೇಳ್ತೀರಿ, ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳ್ತಾ ಹೋಗಬೇಕು. ಉತ್ತರ ಸಿಗದಿದ್ದರೂ ಅಡ್ಡಿಯಿಲ್ಲ, ನೀವು ಹೋಗುವ ದಾರಿ ನೋಡುದು ನಾವು."

ನನಗೆ ಒಳಗೊಳಗೇ ನಗು. ಕಡಬದಿಂದ ಸಂಪಾಜೆವರೆಗೆ ಎಷ್ಟು ಮನೆಯ ಇಂಟರ್ನೆಟ್ ಪೆಟ್ಟಿಗೆ ಬಿಚ್ಚಿದವನು ನಾನು, ನನಗೆ ಇದೆಂಥ ಪರೀಕ್ಷೆ?

ಮೇಡಂ ಸ್ವರ ಬದಲಿಸಿದರು. ಮುದುಕರೊಬ್ಬರು ಬೈದ ಹಾಗೇ ಇತ್ತು.

"ಎಂತ ಮಾರಾಯ್ರೆ ನಿಮ್ಮ ಇಂಟರ್ನೆಟ್ಟು? ಎಷ್ಟು ದಿನ ಆಯಿತು! ವೈಫೈ ಉಂಟು ಅಂತ ತೋರಿಸ್ತದೆ, ವೀಡಿಯೊ ಕಾಲ್ ಮಾಡ್ಲಿಕ್ಕೆ ಹೋದರೆ ಆಗುದಿಲ್ಲ. ನಾನು ಎಷ್ಟು ಸಲ ಫೋನ್ ಮಾಡುದು ನಿಮಗೆ?"

"ವೈಫೈ ತೋರಿಸ್ತದೆ ಅಂದರೆ ಮನೆಯೊಳಗಿನ ಪೆಟ್ಟಿಗೆ ಸತ್ತಿಲ್ಲ," ಅಂತ ನಾನು ಬಾಯಿಬಿಟ್ಟೇ ಯೋಚಿಸಿದೆ. "ಹಾಗಾದರೆ ಹೊರಗಿನ ಲೈನ್ ಬರ್ತದಾ ನೋಡುವ. ಅಣ್ಣಾ, ಪೆಟ್ಟಿಗೆಯಲ್ಲಿ ಕೆಂಪು ಲೈಟ್ ಉಂಟಾ?"

"ಇಲ್ಲ. ಎಲ್ಲ ಹಸಿರು."

"ಕೆಂಪು ಇಲ್ಲ ಅಂದರೆ ಫೈಬರ್ ಕಡಿದಿಲ್ಲ." ಮೇಡಂ ತಲೆಯಾಡಿಸಿದರು. ನನಗೆ ಅಷ್ಟೇ ಸಾಕಾಯಿತು. "ಅಣ್ಣಾ, ಗುಡುಗು ಬಂದಿತ್ತಾ?"

"ಬಾರದೆ ಇರ್ತದಾ? ದಿನಾ ಸಂಜೆ ಉಂಟು."

ತೊಂದರೆ ಸಿಕ್ಕಿತು ಅಂತ ಎಣಿಸಿದೆ. ನಮ್ಮ ಕಡೆ ಆಕಾಶ ಒಮ್ಮೆ ಗುಡುಗಿದರೆ ಸಾಕು, ಟಿವಿ, ಫ್ರಿಜ್ಜು, ಇಂಟರ್ನೆಟ್ಟಿನ ಪೆಟ್ಟಿಗೆ, ಎಲ್ಲದರ ವಯರು ಎಳೆದು ಹಾಕ್ತಾರೆ. ಸಿಡಿಲಿಗೆ ಸುಟ್ಟು ಹೋದ ಮನೆಗಳನ್ನು ನೋಡಿದವರು ಎಳೆಯದೆ ಎಂತ ಮಾಡ್ತಾರೆ? ಬೆಳಿಗ್ಗೆ ಪುನಃ ಸಿಕ್ಕಿಸುವಾಗ ಹೊರಗಿಂದ ಬಂದ ವಯರನ್ನು ಅದರ ತೂತಿಗೆ ಹಾಕುದು ಬಿಟ್ಟು ಪಕ್ಕದ ತೂತಿಗೆ ಹಾಕ್ತಾರೆ. ವೈಫೈ ತೋರಿಸ್ತದೆ, ಇಂಟರ್ನೆಟ್ ಇಲ್ಲ. ಮಳೆಗಾಲದ ಮೊದಲು ನನಗೆ ಬರುತ್ತಿದ್ದ ಕಂಪ್ಲೇಂಟುಗಳಲ್ಲಿ ಮುಕ್ಕಾಲು ಪಾಲು ಇದೇ.

"ನೀವು ವಯರು ತೆಗೆದು ಹಾಕಿದ್ದೀರಿ, ಅಲ್ವಾ? ಅದು ತಪ್ಪು ತೂತಿಗೆ ಹೋಗಿದೆ."

"ಅದೆಲ್ಲ ನಿಮ್ಮವರು ಮೊದಲೇ ಮಾಡಿಸಿ ಆಯಿತು. ನಾನು ಹೇಳುದು ಕೇಳಿ ಮಾರಾಯ್ರೆ."

"ಇನ್ನೊಂದು ಸಲ ನೋಡುವ ಅಣ್ಣಾ."

ನೋಡಿಸಿದೆ. ಸರಿಯಾಗಿಯೇ ಇತ್ತು. ಆಫ್ ಮಾಡಿ ಆನ್ ಮಾಡಿಸಿದೆ. ಆಗಲಿಲ್ಲ. ನನಗೆ ಮಂಡೆಬಿಸಿ ಶುರುವಾಯಿತು. ಮಂಡೆಬಿಸಿ ಆದರೆ ನನ್ನ ಬಾಯಿ ಇನ್ನೂ ಜೋರು. ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಸುಮ್ಮನೆ ಹೇಳಿದ್ದಲ್ಲ. ಗುಡುಗಿಗೆ ಪೆಟ್ಟಿಗೆಯ ಸೆಟ್ಟಿಂಗ್ ಹಾಳಾಗಿರಬೇಕು ಅಂತ ನಾನೇ ತೀರ್ಮಾನ ಮಾಡಿ, "ಹಿಂದೆ ಒಂದು ಸಣ್ಣ ತೂತು ಉಂಟು, ಪಿನ್ ಹಾಕಿ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ, ರೀಸೆಟ್ ಆಗ್ತದೆ" ಅಂದೆ.

ಮೇಡಂ ಪೆನ್ನು ಕೆಳಗಿಟ್ಟರು. ಆದರೂ ಆ ಮುದುಕರ ಸ್ವರ ಬಿಡಲಿಲ್ಲ.

"ಒತ್ತಿದೆ. ಈಗ ಒಳಗಿಂದ ಸೊಸೆ ಕೂಗ್ತಿದ್ದಾಳೆ. ಇಷ್ಟು ಹೊತ್ತು ಅವಳ ಲ್ಯಾಪ್‌ಟಾಪಿಗೆ ಸರಿ ಬರ್ತಿತ್ತು. ಈಗ ಅದಕ್ಕೂ ಇಲ್ಲ."

ಆಗ ನನಗೆ ಹೊಳೆಯಿತು. ಲೈನ್ ಸರಿ ಇತ್ತು, ಪೆಟ್ಟಿಗೆಯೂ ಸರಿ ಇತ್ತು. ಹಾಳಾದದ್ದು ಆ ಒಂದು ಫೋನು ಮಾತ್ರ. ರೀಸೆಟ್ ಮಾಡಿದರೆ ಪೆಟ್ಟಿಗೆಯೊಳಗಿನ ಯೂಸರ್‌ನೇಮ್, ಪಾಸ್‌ವರ್ಡ್ ಎಲ್ಲ ಅಳಿಸಿ ಹೋಗ್ತದೆ. ಮನೆಗೆ ಹೋದಾಗ ನಾನೇ ಪುನಃ ಹಾಕ್ತಿದ್ದೆ. ಫೋನಿನ ಆಚೆ ಬದಿಯ ಮುದುಕರು ಹಾಕುದುಂಟಾ? ಇದ್ದ ಇಂಟರ್ನೆಟ್ಟನ್ನೂ ನಾನು ತೆಗೆದು ಹಾಕಿದೆ.

"ಬೇರೆ ಫೋನಿಗೆ ಬರ್ತದಾ ಅಂತ ನೀವು ಕೇಳಲಿಲ್ಲ," ಮೇಡಂ ಈಗ ಅವರದೇ ಸ್ವರದಲ್ಲಿ ಹೇಳಿದರು. "ಪರದೆಯಲ್ಲಿ ಎಂತ ಬರೆದಿದೆ ಓದಿ ಅಂತಲೂ ಕೇಳಲಿಲ್ಲ. ಫೋನಿನ ತಾರೀಕು ಸರಿ ಇಲ್ಲ ಅಂತ ಅದರಲ್ಲೇ ಇಂಗ್ಲಿಷಿನಲ್ಲಿ ಬರೆದಿತ್ತು. ರಿಪೇರಿಗೆ ಕೊಟ್ಟಲ್ಲಿ ಬ್ಯಾಟರಿ ಬದಲಿಸಿದ್ದರು, ತಾರೀಕು ಹಿಂದೆ ಹೋಗಿತ್ತು. ತಾರೀಕು ತಪ್ಪಿದರೆ ಆ ಆಪ್ ಕೆಲಸ ಮಾಡುದಿಲ್ಲ."

"ಇದು ನಿಜವಾಗಿ ಬಂದ ಕಾಲಾ ಮೇಡಂ?"

"ಹೌದು, ಮಂಡೆಕೋಲು ಊರಿನಿಂದ. ಮಗ ಗಲ್ಫಿನಲ್ಲಿ. ಮಗನ ಮುಖ ನೋಡದೆ ದಿನ ಆಯಿತು ಅಂತ ಹೇಳ್ಲಿಕ್ಕೆ ಹೋದರೆ ನಮ್ಮವರೆಲ್ಲ ಗುಡುಗು ಬಂತಾ, ವಯರು ತೆಗೆದ್ರಾ ಅಂತಲೇ ಕೇಳಿದ್ದು. ಕೊನೆಗೆ ಆ ಮುದುಕರು ಕನೆಕ್ಷನ್ನೇ ಬೇಡ ಅಂದರು."

ಗಲ್ಫಿನಲ್ಲಿ ಕ್ಯಾಂಪಿನ ಮಂಚದಲ್ಲಿ ಕೂತು, ಮನೆಗೆ ಫೋನ್ ಯಾಕೆ ಹೋಗುದಿಲ್ಲ, ಯಾರಿಗೆ ಎಂತ ಆಯಿತೋ ಅಂತ ಪ್ರಾಣ ಕೈಯಲ್ಲಿ ಹಿಡಿದವನು ನಾನೇ ಅಲ್ವಾ? ಆ ಮಗನ ಕಷ್ಟ ಈ ಕಟ್ಟಡದಲ್ಲಿ ನನ್ನಷ್ಟು ಯಾರಿಗೆ ಗೊತ್ತು? ಆದರೂ ಅವನ ಅಪ್ಪ ಹೇಳಿದ್ದನ್ನು ನಾನು ಕೇಳಲಿಲ್ಲ.

ನಾಚಿಕೆ ಬಿಟ್ಟು, "ಇನ್ನೊಂದು ಕೇಳಿ ಮೇಡಂ" ಅಂದೆ. ಒಳ್ಳೆ ಹೆಂಗಸು, ಕೇಳಿದರು. ಬಿಲ್ಲಿಂಗ್ ಮೆಷಿನ್ ನಿಂತು ಹೋದ ಅಂಗಡಿಯವರಾದರು. ಈ ಸಲ ನಾನು ಒಂದೊಂದಾಗಿ ಕೇಳಿದೆ, ಉತ್ತರಕ್ಕೆ ಕಾದೆ, ಎಲ್ಲದಕ್ಕೂ ಬರ್ತಿಲ್ವಾ, ಇದೊಂದಕ್ಕೆ ಮಾತ್ರವಾ ಅಂತ ಮೊದಲೇ ವಿಚಾರಿಸಿದೆ. ಎಲ್ಲ ಸರಿಯಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು.

"ಇದು ಚೆನ್ನಾಗಿತ್ತು," ಅಂದರು. ಆಮೇಲೆ ಮೆಲ್ಲಗೆ, "ಆದರೆ ನಾನು ಮಾರ್ಕ್ ಹಾಕಬೇಕಾದ್ದು ಮೊದಲಿನದ್ದಕ್ಕೆ. ಇರುದು ಒಂದೇ ಕುರ್ಚಿ. ಬೇಜಾರು ಮಾಡಿಕೊಳ್ಳಬೇಡಿ." ನನಗೆ ಅವರ ಮೇಲೆ ಸಿಟ್ಟು ಬರ್ಲಿಕ್ಕೂ ಜಾಗ ಇರಲಿಲ್ಲ. ಹೇಳಿದ್ದೆಲ್ಲ ಸತ್ಯ.

ಮನೆಗೆ ಬಂದಾಗ ಹೆಂಡತಿ ಪತ್ತಿರಿ ರೊಟ್ಟಿಗೆ ಅಕ್ಕಿ ಹಿಟ್ಟು ನಾದುತ್ತಿದ್ದಳು. ಇಂಟರ್‌ವ್ಯೂ ಹೇಗಾಯಿತು ಅಂತ ಕೇಳಿದಳು. "ಕೈ ತೊಳೆದು ನಿನ್ನ ಫೋನ್ ತಾ" ಅಂದೆ. ತಂದಳು. ಪಕ್ಕದಲ್ಲಿ ಕೂರಿಸಿ, ಸೆಟ್ಟಿಂಗಿಗೆ ಹೇಗೆ ಹೋಗುದು, ತಾರೀಕು ಎಲ್ಲಿ ನೋಡುದು, ತನ್ನಷ್ಟಕ್ಕೆ ಸರಿಯಾಗುವ ಬಟನ್ ಯಾವುದು, ಎಲ್ಲ ತೋರಿಸಿದೆ. ವೀಡಿಯೊ ಕಾಲ್ ಹೋಗದಿದ್ದರೆ ಮೊದಲು ಮಗಳ ಫೋನಿನಲ್ಲಿ ಮಾಡಿ ನೋಡು, ಇಂಗ್ಲಿಷಿನಲ್ಲಿ ಎಂತ ಬಂದರೂ ಅವಳಿಂದ ಓದಿಸು, ಗುಡುಗು ಬಂದರೆ ಯಾವ ವಯರು ಯಾವ ತೂತಿಗೆ ಅಂತ ಬಣ್ಣದ ಟೇಪು ಸುತ್ತಿ ಇಡ್ತೇನೆ ಅಂದೆ.

ಅವಳು ನಾನು ಹೇಳಿ ಮುಗಿಸುವವರೆಗೆ ಪೂರ್ತಿ ಕೇಳಿದಳು. ಹೇಳಿದ ಹಾಗೇ ಒಂದು ಸಲ ತಾನೇ ಮಾಡಿ ತೋರಿಸಿದಳು. ಆಮೇಲೆ ಫೋನನ್ನು ಮಡಿಲಲ್ಲಿಟ್ಟು, "ಯಾವಾಗ ಹೋಗುದು?" ಅಂತ ಕೇಳಿದಳು.