ಹೋದ ವರ್ಷದಷ್ಟೇ ಉಸಿರು

ಮೂವತ್ತು ವರ್ಷ ಲಾರಿ ಓಡಿಸುತ್ತ ಬೀಡಿ ಸೇದಿದ ನನ್ನ ಗಂಡ ಹೋದ ವರ್ಷ ಅದನ್ನು ಬಿಟ್ಟರು. ಬಿಟ್ಟವರ ಸಿಟ್ಟು ಸಂಭಾಳಿಸಿದ ದಣಿವು ನನಗಿನ್ನೂ ಇಳಿದಿಲ್ಲ. ಮೊನ್ನೆ ಹುಕ್ಕೇರಿಯ ಆಸ್ಪತ್ರೆಯಲ್ಲಿ ಮತ್ತೆ ಕೊಳವೆ ಊದಿಸಿದರು. ಉಸಿರಿನ ಅಳತೆ ಹೋದ ವರ್ಷದಷ್ಟೇ ಬಂತು.

"ಬೀಡಿ ಬಿಟ್ಟು ಏನ್ ಬಂತ್ರಿ ಸಾಹೇಬ್ರ?" ಎಂದು ಇವರು ಸಿಡುಕಿದರು.

"ಹೊಗಿಯಿಂದ ಗಾಳಿ ನಾಳ ಬಾತು ಸಣ್ಣ ಆಗ್ಯಾವ, ಒಳಗಿನ ಗಾಳಿ ಚೀಲ ಹರದಾವ. ಒಳಗ ಹೋದ ಗಾಳಿ ಪೂರಾ ಹೊರಗ ಬರೂದಿಲ್ಲ. ಹರದದ್ದು ಮತ್ತ ಕೂಡೂದಿಲ್ರಿ," ಎಂದರು ಡಾಕ್ಟರು. "ವಯಸ್ಸಾದಂಗ ಎಲ್ಲಾರ ಉಸಿರೂ ಇಳೀತೈತಿ. ಸೇದವರದು ಲಗೂನ ಇಳೀತೈತಿ. ನೀವು ಬಿಟ್ಟಿದ್ದಕ್ಕ ಈಗ ಸಾವಕಾಶ ಇಳಿಯಾಕತ್ತೈತಿ, ಅದಕ್ಕ ಒಂದ್ ವರ್ಷದಾಗ ಫರಕ ಕಾಣಸಿಲ್ಲ."

ಇವರಿಗೆ ಸಮಾಧಾನವಾಗಲಿಲ್ಲ. ಬಸ್ ಸ್ಟ್ಯಾಂಡಿನ ದಾರಿಯಲ್ಲಿ ಏದುಸಿರು ಬಂದು ಬೇವಿನ ಕಟ್ಟೆಯ ಮೇಲೆ ಕೂತರು. ನಾನು ಚೀಲ ಹಿಡಿದು ನಿಂತೆ.

"ಹೋದ ವರ್ಷನೂ ಇಲ್ಲೇ ಕುಂತಿದ್ದೆ, ನೋಡು," ಎಂದು ಗೊಣಗಿದರು.

ಹೋದ ವರ್ಷ ಇವರ ಪಕ್ಕದಲ್ಲಿ ಕೂತಿದ್ದ ಲಾರಿ ಗೆಳೆಯ ಬೀಡಿ ಬಿಡಲಿಲ್ಲ. ಅವರಿಗೆ ಈಗ ಈ ಕಟ್ಟೆಯವರೆಗೆ ನಡೆಯಲೂ ಉಸಿರು ಸಾಲುವುದಿಲ್ಲ. ಮನೆಯ ಹೊಸ್ತಿಲ ಮೇಲೇ ಕೂರುತ್ತಾರೆ.